ಬಾಗಿಲು ತೆರೆಯುವ ಮುನ್ನ: ಟಿಫನ್ ಸೆಂಟರಿನ ಬೆಳಗಿನ ತಯಾರಿ

ಬೆಳಿಗ್ಗೆ 6.30ಕ್ಕೆ ಬಾಗಿಲು ತೆರೆಯುವ ಟಿಫನ್ ಸೆಂಟರಿನ ಕೆಲಸ ಶುರುವಾಗುವುದು ಹಿಂದಿನ ದಿನ 11 ಗಂಟೆಗೆ, ಅಕ್ಕಿ ನೆನೆಹಾಕುವ ಹೊತ್ತಿಗೆ. ಆದ್ದರಿಂದ ವೇಳಾಪಟ್ಟಿಯನ್ನು ಹಿಂದಿನಿಂದ ಬರೆಯಬೇಕು. ಬಾಗಿಲು ತೆರೆಯುವ ಹೊತ್ತನ್ನು ಮೊದಲು ಗುರುತು ಹಾಕಿ, ಆ ಹೊತ್ತಿಗೆ ಯಾವ ಪಾತ್ರೆಯಲ್ಲಿ ಏನು ಸಿದ್ಧವಾಗಿರಬೇಕು ಎಂದು ನಿರ್ಧರಿಸಿ, ಒಂದೊಂದಕ್ಕೂ ಬೇಕಾದ ಸಮಯವನ್ನು ಕಳೆಯುತ್ತಾ ಹಿಂದೆ ಸರಿಯಬೇಕು. ಎದ್ದ ಹೊತ್ತಿನಿಂದ ಮುಂದಕ್ಕೆ ಲೆಕ್ಕ ಹಾಕಿದ ಅಡುಗೆಮನೆಯಲ್ಲಿ ಎಲ್ಲವೂ ಅರ್ಧರ್ಧ ಆಗಿರುತ್ತದೆ: ಇಡ್ಲಿ ಬೆಂದಿರುತ್ತದೆ, ಚಟ್ನಿ ಇರುವುದಿಲ್ಲ, ಸಾಂಬಾರ್ ಕುದಿಯುತ್ತಿರುತ್ತದೆ, ವಡೆಗೆ ಎಣ್ಣೆ ಇಡಲು ಒಲೆ ಖಾಲಿ ಇರುವುದಿಲ್ಲ.

ಬೆಂಗಳೂರಿನ ಯಾವುದೋ ಬಡಾವಣೆಯ ಚಿಕ್ಕ ಅಂಗಡಿಯೊಂದನ್ನು ಉದಾಹರಣೆಗೆ ಇಟ್ಟುಕೊಂಡರೆ ಲೆಕ್ಕ ಸುಲಭವಾಗುತ್ತದೆ. ಅಲ್ಲಿ ಬೆಳಗಿನ ತಿಂಡಿಗೆ ಇಡ್ಲಿ, ಉದ್ದಿನ ವಡೆ, ಮಸಾಲೆ ದೋಸೆ, ಖಾರಾಬಾತ್, ಕೇಸರಿಬಾತ್, ಜೊತೆಗೆ ಕಾಫಿ ಮತ್ತು ಟೀ. ಮಾಮೂಲಿ ದಿನ ಸುಮಾರು 300 ಇಡ್ಲಿ, 120 ವಡೆ, 120 ದೋಸೆ ಖರ್ಚಾಗುತ್ತವೆ. ಭಟ್ಟರು, ಅವರ ಸಹಾಯಕ, ದೋಸೆ ಹಾಕುವವರು, ಕಾಫಿ ಮಾಡುವವರು, ಕ್ಲೀನರ್, ಹೀಗೆ ಐದು ಜನ, ಗಲ್ಲಾದಲ್ಲಿ ಮಾಲೀಕರು. ಹತ್ತು ಲೀಟರಿನ ಗ್ರೈಂಡರ್ ಒಂದು, ಚಟ್ನಿಗೆ ದೊಡ್ಡ ಮಿಕ್ಸಿ ಒಂದು. ಇಡ್ಲಿ ಸ್ಟೀಮರ್, ದೋಸೆ ಕಾವಲಿ, ಕಾಫಿ ಒಲೆ ಇವಕ್ಕೆ ಅವವೇ ಬೆಂಕಿ. ಉಳಿದೆಲ್ಲ ಅಡುಗೆಗೆ ಇರುವುದು ಎರಡು ದೊಡ್ಡ ಒಲೆಗಳು ಮಾತ್ರ. ಇಂಥ ಅಂಗಡಿಯ ಬೆಳಗು ಸಲೀಸಾಗುವುದೂ ಕಂಗೆಡುವುದೂ ಈ ಎರಡು ಒಲೆಗಳ ಮೇಲೆ, ಹಿಂದಿನ ದಿನ ರುಬ್ಬಿಟ್ಟ ಹಿಟ್ಟಿನ ಮೇಲೆ.

ಹಿಟ್ಟಿನ ಗಡಿಯಾರ

ಒಂದು ಇಡ್ಲಿಗೆ ಸುಮಾರು 60 ಗ್ರಾಂ ಹಿಟ್ಟು ಬೇಕು. 300 ಇಡ್ಲಿಗೆ 18 ಕೆಜಿ. ಆರು ಕೆಜಿ ಇಡ್ಲಿ ಅಕ್ಕಿಗೆ ಒಂದೂವರೆ ಕೆಜಿ ಗುಂಡು ಉದ್ದಿನಬೇಳೆ ಹಾಕಿದರೆ ನೀರು ಸೇರಿ ಅಷ್ಟು ಹಿಟ್ಟಾಗುತ್ತದೆ. ದೋಸೆಗೆ ಒಂದಕ್ಕೆ ಸುಮಾರು 115 ಗ್ರಾಂ ಹಿಡಿದರೆ 120 ದೋಸೆಗೆ 14 ಕೆಜಿಯಷ್ಟು ಹಿಟ್ಟು. ಅದಕ್ಕೆ ನಾಲ್ಕೂವರೆ ಕೆಜಿ ದೋಸೆ ಅಕ್ಕಿ, ಒಂದು ಕೆಜಿ ಉದ್ದು, ಕಾಲು ಕೆಜಿ ಅವಲಕ್ಕಿ, ಕೆಂಪು ಬಣ್ಣ ಬರಲು ಒಂದು ಹಿಡಿ ಕಡಲೆಬೇಳೆ, ಸ್ವಲ್ಪ ಮೆಂತ್ಯ. ಅಕ್ಕಿಯ ತಳಿ, ಉದ್ದಿನ ಹೊಸತನ, ರುಬ್ಬುವ ಕೈ ಇವುಗಳಿಂದ ಈ ಅಳತೆ ಒಂದಿಷ್ಟು ಆಚೀಚೆಯಾಗುತ್ತದೆ. ಆದರೂ ಪ್ರತಿ ಅಂಗಡಿಯೂ ತನ್ನ ಅಳತೆಯನ್ನು ತೂಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಂದಾಜಿನ ಸೇರಿನಲ್ಲಿ ಅಳೆದರೆ ಇಂದಿನ ಹಿಟ್ಟಿಗೂ ನಾಳಿನ ಹಿಟ್ಟಿಗೂ ಹೊಂದಾಣಿಕೆ ಇರುವುದಿಲ್ಲ.

ತಿಂಡಿಯ ಗಲಾಟೆ ಇಳಿದ ಮೇಲೆ 11 ಗಂಟೆಗೆ ಅಕ್ಕಿ ತೊಳೆದು ನೆನೆಹಾಕಬೇಕು. ಉದ್ದಿಗೆ ಅಷ್ಟು ಹೊತ್ತು ಬೇಕಿಲ್ಲ. 1 ಗಂಟೆಗೆ ಹಾಕಿದರೆ ಸಾಕು. 3.30ಕ್ಕೆ ಗ್ರೈಂಡರ್ ತಿರುಗಿಸಿದಾಗ ಅಕ್ಕಿ ನಾಲ್ಕೂವರೆ ಗಂಟೆ, ಉದ್ದು ಎರಡೂವರೆ ಗಂಟೆ ನೆಂದಿರುತ್ತದೆ. ಉದ್ದನ್ನು ಬೆಳಗಿನಿಂದಲೇ ನೀರಿನಲ್ಲಿ ಬಿಟ್ಟರೆ ಅದರ ಅಂಟು ನೀರಿಗೆ ಬಿಟ್ಟುಕೊಂಡು ಹಿಟ್ಟು ಒದಗುವುದು ಕಡಿಮೆಯಾಗುತ್ತದೆ.

ಮೊದಲು ರುಬ್ಬುವುದು ಇಡ್ಲಿಯ ಉದ್ದು. ಒಂದೇ ಸಲ ನೀರು ಸುರಿಯದೆ, ತಣ್ಣೀರನ್ನು ಲೋಟದಿಂದ ಆಗಾಗ ಚಿಮುಕಿಸುತ್ತಾ ಅರ್ಧ ಗಂಟೆ ರುಬ್ಬಿದರೆ ಬೇಳೆ ಬೆಣ್ಣೆಯಂತೆ ಉಬ್ಬಿ ಬರುತ್ತದೆ. ಬಟ್ಟಲು ನೀರಿಗೆ ನೆಲ್ಲಿಕಾಯಿ ಗಾತ್ರದ ಹಿಟ್ಟು ಬಿಟ್ಟು ನೋಡಿದರೆ ಗೊತ್ತಾಗುತ್ತದೆ: ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಗಾಳಿ ಸೇರಬೇಕು. ಕಲ್ಲು ಬಿಸಿಯಾಗಿ ಹಿಟ್ಟೂ ಬೆಚ್ಚಗಾದರೆ ಉಬ್ಬು ಕುಗ್ಗುತ್ತದೆ; ಬೇಸಿಗೆಯಲ್ಲಿ ಫ್ರಿಜ್ಜಿನ ನೀರು ಬಳಸುವುದು ಇದಕ್ಕಾಗಿಯೇ. ಉದ್ದು ತೆಗೆದ ಮೇಲೆ ಅದೇ ಕಲ್ಲಿಗೆ ಅಕ್ಕಿ, ಎರಡು ಸಲ. ಇಡ್ಲಿಗೆ ಅಕ್ಕಿ ಸಣ್ಣ ರವೆಯಂತೆ ತರಿತರಿಯಾಗಿರಬೇಕು. ಅದಾದ ಮೇಲೆ ದೋಸೆಯ ಸರದಿ, ಅದು ನುಣ್ಣಗೆ. ನಡುವೆ ಕಲ್ಲು ಬಳಿದು ತೊಳೆಯುವ ಹೊತ್ತೂ ಸೇರಿ ಎಲ್ಲ ಮುಗಿಯುವಾಗ 6 ಗಂಟೆ ದಾಟಿರುತ್ತದೆ. ಇಡ್ಲಿ ಹಿಟ್ಟು 5 ಗಂಟೆಗೆ ಕೊಳಗ ಸೇರಿದರೆ ಮರುದಿನ 5 ಗಂಟೆಗೆ, ದೋಸೆ ಹಿಟ್ಟು 6.15ಕ್ಕೆ ಸೇರಿದರೆ ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಸುಮಾರು ಹನ್ನೆರಡು ಗಂಟೆ ತುಂಬುತ್ತದೆ. ಮೊದಲು ಬೇಕಾದುದನ್ನು ಮೊದಲು ರುಬ್ಬುವ ಈ ಕ್ರಮ ತಪ್ಪಿ ದೋಸೆ ಹಿಟ್ಟು ಮುಂಚೆ ಆದರೆ, ಬೆಳಿಗ್ಗೆ ದೋಸೆಯದು ಹುಳಿಯಾಗಿ ಇಡ್ಲಿಯದು ಎಳಸಾಗಿ ಉಳಿಯುತ್ತದೆ.

ಕೊಳಗದಲ್ಲಿ ಅರ್ಧದಷ್ಟು ಮಾತ್ರ ತುಂಬಿಸಬೇಕು. ಉದ್ದು ಮತ್ತು ಅಕ್ಕಿಯ ಜೊತೆಗೇ ಬಂದ ಸೂಕ್ಷ್ಮಜೀವಿಗಳು, ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಮೆಸೆಂಟರಾಯಿಡಿಸ್ ಎಂಬ ಬ್ಯಾಕ್ಟೀರಿಯಾ, ಹಿಟ್ಟಿನ ಸಕ್ಕರೆಯನ್ನು ತಿಂದು ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತವೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಉದ್ದಿನ ಅಂಟು ಆ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಇಡ್ಲಿ ಮೆತ್ತಗಾಗುವುದು. ಈ ಜೀವಿಗಳು ಚುರುಕಾಗಿರುವುದು 25ರಿಂದ 30 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ. ಹಾಗಾಗಿ ಹನ್ನೆರಡು ಗಂಟೆ ಎಂಬುದು ವರ್ಷವಿಡೀ ನಿಲ್ಲುವ ಲೆಕ್ಕವಲ್ಲ. ಬೆಂಗಳೂರಿನ ಏಪ್ರಿಲ್‌ನಲ್ಲಿ ಎಂಟು ಗಂಟೆಗೇ ಹಿಟ್ಟು ಕೊಳಗದ ಅಂಚಿಗೆ ಬಂದಿರುತ್ತದೆ. ರಾತ್ರಿ ಚಳಿ 16 ಡಿಗ್ರಿ ಹತ್ತಿರ ಇಳಿಯುವ ಡಿಸೆಂಬರ್‌ನಲ್ಲಿ ಹದಿನಾಲ್ಕು, ಹದಿನಾರು ಗಂಟೆಯಾದರೂ ಬೇಕು. ಮಂಗಳೂರಿನ ಸೆಕೆಯಲ್ಲಿ ಅಂಗಡಿ ಇಟ್ಟವರಿಗೆ ಬೆಂಗಳೂರಿನ ಚಳಿಗಾಲದ ಲೆಕ್ಕ ಎಂದೂ ಬೇಕಾಗುವುದಿಲ್ಲ.

ಆದ್ದರಿಂದ ಋತುವಿಗೆ ತಕ್ಕಂತೆ ರುಬ್ಬುವ ಹೊತ್ತೇ ಸರಿಯಬೇಕು. ಬೇಸಿಗೆಯಲ್ಲಿ ಎಲ್ಲವನ್ನೂ ಮೂರು ಗಂಟೆ ಮುಂದಕ್ಕೆ ಹಾಕಿ ಸಂಜೆ 6.30ಕ್ಕೆ ರುಬ್ಬಲು ಆರಂಭಿಸಬಹುದು. ಅಷ್ಟು ಹೊತ್ತು ಆಳು ಇರದಿದ್ದರೆ ಮಾಮೂಲಿ ಹೊತ್ತಿಗೇ ರುಬ್ಬಿ, ತಣ್ಣೀರು ತುಂಬಿದ ತೊಟ್ಟಿಯಲ್ಲಿ ಕೊಳಗ ಇಡಬೇಕು. ಉಪ್ಪು ಹುಳಿಯುವಿಕೆಯನ್ನು ತುಸು ನಿಧಾನಿಸುತ್ತದೆಯಾದ್ದರಿಂದ ಬೇಸಿಗೆಯಲ್ಲಿ ರುಬ್ಬಿದ ಕೂಡಲೇ ಹಾಕುವುದು, ಚಳಿಯಲ್ಲಿ ಬೆಳಿಗ್ಗೆ ಹಾಕುವುದು ರೂಢಿ. ಚಳಿಗಾಲದಲ್ಲಿ ರುಬ್ಬುವ ಕೆಲಸ 1 ಗಂಟೆಗೇ ಶುರುವಾಗಬೇಕು. ಅದಕ್ಕಾಗಿ ಅಕ್ಕಿಯನ್ನು ಬೆಳಿಗ್ಗೆ 8.30ಕ್ಕೆ, ಜನ ತುಂಬಿರುವಾಗಲೇ ನೆನೆಹಾಕಬೇಕಾಗುತ್ತದೆ. ಸಹಾಯಕನಿಗೆ ಇದು ಹೆಚ್ಚಿನ ಕೆಲಸ, ನಿಜ. ಆದರೆ ಬೇರೆ ದಾರಿಯೆಲ್ಲ ಅರೆಬರೆ ಪರಿಹಾರ. ಕೊಳಗಕ್ಕೆ ಗೋಣಿ ಸುತ್ತಿ, ಆರಿದ ಸ್ಟೀಮರಿನ ಪಕ್ಕದಲ್ಲಿಟ್ಟರೆ ಒಂದೆರಡು ಗಂಟೆಯ ಉಳಿತಾಯವಾಗಬಹುದು, ಅದಕ್ಕಿಂತ ಹೆಚ್ಚಲ್ಲ.

ವಡೆಯ ಹಿಟ್ಟು ಮಾತ್ರ ಹುದುಗಬಾರದು. ಅದನ್ನು ಬೆಳಿಗ್ಗೆಯೇ ರುಬ್ಬಬೇಕು. ಆದರೆ ನೆನೆಸಲು ಎರಡು ಗಂಟೆ ಬೇಕೆಂದು ರಾತ್ರಿ ಎರಡೂವರೆಗೆ ಯಾರನ್ನೂ ಎಬ್ಬಿಸಬೇಕಿಲ್ಲ. ಸಂಜೆ 6 ಗಂಟೆಗೆ ಮೂರು ಕೆಜಿಯಷ್ಟು ಉದ್ದು ನೆನೆಹಾಕಿ, 8 ಗಂಟೆಗೆ ನೀರನ್ನು ಪೂರ್ತಿ ಬಸಿದು, ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ರಾತ್ರಿಯಿಡೀ ನೀರಿನಲ್ಲೇ ಬಿಟ್ಟ ಬೇಳೆ ಹೆಚ್ಚು ನೀರು ಕುಡಿದು, ಹಿಟ್ಟು ಸಡಿಲವಾಗಿ, ವಡೆ ಎಣ್ಣೆ ಹೀರುತ್ತದೆ. ಬಸಿದು ತಣ್ಣಗಿಟ್ಟ ಬೇಳೆ ಬೆಳಿಗ್ಗೆ ರುಬ್ಬುವಾಗ ಬಿಸಿಯೂ ಏರುವುದಿಲ್ಲ.

ರಾತ್ರಿ ಬಾಗಿಲು ಹಾಕುವ ಮುನ್ನ ಇನ್ನೂ ಕೆಲವು ಕೆಲಸ ಮುಗಿದಿರಬೇಕು. ಖಾರಾಬಾತ್ ಮತ್ತು ಕೇಸರಿಬಾತಿನ ರವೆಯನ್ನು ಹುರಿದು ಡಬ್ಬಿಗೆ ಹಾಕಿರಬೇಕು. ಮಸಾಲೆ ದೋಸೆಯ ಒಳಗೆ ಸವರುವ ಕೆಂಪು ಚಟ್ನಿಯಲ್ಲಿ ನೀರು ಕಡಿಮೆ, ತೆಂಗಿನಕಾಯಿ ಇಲ್ಲ. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿಗಡಲೆ ಸೇರಿಸಿ ಸಂಜೆಯೇ ರುಬ್ಬಿ ಫ್ರಿಜ್ಜಿನಲ್ಲಿಡಬಹುದು. ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚುವುದನ್ನು ಬೆಳಿಗ್ಗೆಗೆ ಬಿಡಬೇಕು. ರಾತ್ರಿ ಹೆಚ್ಚಿದ ಈರುಳ್ಳಿ ಬೆಳಿಗ್ಗೆಗೆ ವಾಸನೆ ತಿರುಗಿರುತ್ತದೆ. ಇಡ್ಲಿ ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿ, ಹಿಂಡಿ, ಹರವಿರಬೇಕು. ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ನಿಷೇಧಿಸಿದ್ದರಿಂದ ಹತ್ತಿಬಟ್ಟೆ ಒಗೆಯುವ ಕೆಲಸ ಮತ್ತೆ ಅಡುಗೆಮನೆಯ ದಿನಚರಿಗೆ ಸೇರಿದೆ. ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಆಹಾರ ಬೇಯಿಸುವುದು ಯಾವ ಅನುಕೂಲಕ್ಕೂ ಒಪ್ಪತಕ್ಕದ್ದಲ್ಲ.

ನಾಲ್ಕೂಕಾಲರಿಂದ ಐದೂವರೆ

ಭಟ್ಟರೂ ಸಹಾಯಕನೂ 4.15ಕ್ಕೆ ಬರುತ್ತಾರೆ. ದೀಪ ಹಾಕುವ ಮುನ್ನ ಗ್ಯಾಸ್ ವಾಸನೆ ಇದೆಯೇ ಎಂದು ಗಮನಿಸಬೇಕು. ಇದ್ದರೆ ಸ್ವಿಚ್ ಮುಟ್ಟದೆ ಬಾಗಿಲು, ಕಿಟಕಿ ತೆರೆದು ಸಿಲಿಂಡರಿನ ವಾಲ್ವ್ ಮುಚ್ಚಬೇಕು. ಆಮೇಲೆ ಮೊದಲು ತೆರೆಯುವುದು ಇಡ್ಲಿ ಹಿಟ್ಟಿನ ಮುಚ್ಚಳ. ಹಿಟ್ಟು ಏನಾಗಿದೆ ಎಂಬುದರ ಮೇಲೆ ಉಳಿದ ಎರಡು ಗಂಟೆಯ ಕೆಲಸ ನಿಂತಿರುವುದರಿಂದ ಇದನ್ನು 5.30ಕ್ಕೆ ನೋಡಿ ಪ್ರಯೋಜನವಿಲ್ಲ. ಚೆನ್ನಾಗಿ ಬಂದ ಹಿಟ್ಟು ಸುಮಾರು ಇಮ್ಮಡಿಯಾಗಿ, ಮೇಲ್ಮೈ ನಡುವೆ ತುಸು ಉಬ್ಬಿ, ಸೌಟಿನಲ್ಲಿ ಬದಿ ಸರಿಸಿದರೆ ಒಳಗೆಲ್ಲ ಜೇನುಗೂಡಿನ ಹಾಗೆ ತೂತು ತೂತಾಗಿ ಕಾಣುತ್ತದೆ; ವಾಸನೆ ಎಳೆಹುಳಿ. ಕೊಳಗದ ಗೋಡೆಯ ಮೇಲೆ ಮೇಲಿನವರೆಗೂ ಹಿಟ್ಟಿನ ಗೆರೆ ಇದ್ದು, ಹಿಟ್ಟು ಅದರ ಕೆಳಗೆ ಕುಸಿದಿದ್ದರೆ ಹುದುಗು ಮೀರಿದೆ ಎಂದರ್ಥ. ಅಂಥ ಹಿಟ್ಟಿನ ಇಡ್ಲಿ ಚಪ್ಪಟೆಯಾಗುತ್ತದೆ, ಹುಳಿ ಬಾಯಿಗೆ ಹಿಡಿಯುತ್ತದೆ. ಅದನ್ನು ದೋಸೆಗೆ, ಉತ್ತಪ್ಪಕ್ಕೆ ತಿರುಗಿಸಿ, ಅಕ್ಕಿಹಿಟ್ಟು ಬೆರೆಸಿ ಬಳಸಿಕೊಳ್ಳಬಹುದು.

ಹಿಟ್ಟು ಬಂದೇ ಇಲ್ಲದಿದ್ದರೆ ಕಷ್ಟ ಹೆಚ್ಚು. ಕೊಳಗವನ್ನು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಕೂರಿಸಿದರೆ ಒಂದು ಗಂಟೆಯಲ್ಲಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಆದರೆ ಮುಕ್ಕಾಲು ಪಾಲು ಆಗಿದ್ದ ಹಿಟ್ಟಿಗೆ ಮಾತ್ರ ಈ ಉಪಾಯ ಫಲಿಸುತ್ತದೆ. ಅಡುಗೆ ಸೋಡಾ ಸುರಿದರೆ ಇಡ್ಲಿ ಉಬ್ಬುತ್ತದೆ, ಹುದುಗಿನ ರುಚಿ ಬರುವುದಿಲ್ಲ. ಹೆಚ್ಚಾದರೆ ಬಣ್ಣ ಹಳದಿಗೆ ತಿರುಗಿ ಸೋಪಿನ ರುಚಿ ಬರುತ್ತದೆ. ಇಂಥ ದಿನ ರವೆ ಇಡ್ಲಿ ಮಾಡುವುದು ಮರ್ಯಾದೆಯ ದಾರಿ. ಹುರಿದ ರವೆ, ಮೊಸರು, ಒಗ್ಗರಣೆ, ಚಿಟಿಕೆ ಸೋಡಾ, ಇಷ್ಟಿದ್ದರೆ ಮುಕ್ಕಾಲು ಗಂಟೆಯೊಳಗೆ ಮೊದಲ ತಟ್ಟೆ ಇಳಿಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಬೆಂಗಳೂರಿನ ಎಂ.ಟಿ.ಆರ್. ಕೈಗೊಂಡ ಪ್ರಯೋಗದಿಂದ ಈ ತಿಂಡಿ ಜನಪ್ರಿಯವಾಯಿತು ಎಂಬುದು ಪ್ರಸಿದ್ಧ. ಅಕ್ಕಿ ಇಲ್ಲದಾಗ ಹುಟ್ಟಿದ್ದು ಹಿಟ್ಟು ಕೈಕೊಟ್ಟಾಗಲೂ ನೆರವಿಗೆ ಬರುತ್ತದೆ.

ಹಿಟ್ಟು ಸರಿಯಿದೆ ಎಂದಾದ ಮೇಲೆ ಎರಡು ಒಲೆಗಳ ಸರದಿ. 4.25ಕ್ಕೆ ಮೊದಲನೆಯ ಒಲೆಗೆ ತೊಗರಿಬೇಳೆಯ ಕುಕ್ಕರ್. ಒಂದು ಕೆಜಿ ಬೇಳೆಗೆ ಹತ್ತು ಹನ್ನೊಂದು ಲೀಟರ್ ಹೋಟೆಲ್ ಸಾಂಬಾರ್ ಒದಗುವುದರಿಂದ ಎರಡೂಕಾಲು ಕೆಜಿ ಸಾಕು. 4.30ಕ್ಕೆ ಎರಡನೆಯ ಒಲೆಗೆ ಆಲೂಗೆಡ್ಡೆ. ಇವೆರಡೂ ಅರ್ಧ ಗಂಟೆ ತಮ್ಮಷ್ಟಕ್ಕೆ ಬೇಯುತ್ತವೆ, ಯಾರ ಕೈಯನ್ನೂ ಬೇಡುವುದಿಲ್ಲ. ಆ ಅರ್ಧ ಗಂಟೆ ವಡೆ ಹಿಟ್ಟಿಗೆ ಮೀಸಲು. 4.35ಕ್ಕೆ ಫ್ರಿಜ್ಜಿನ ಬೇಳೆ ಗ್ರೈಂಡರಿಗೆ ಬೀಳುತ್ತದೆ, 5.05ಕ್ಕೆ ಗಟ್ಟಿ ಹಿಟ್ಟು ಹೊರಬರುತ್ತದೆ. ಉಪ್ಪು ಬಿದ್ದ ಕೂಡಲೇ ವಡೆ ಹಿಟ್ಟು ನೀರು ಬಿಡಲಾರಂಭಿಸುತ್ತದೆ. ಆದ್ದರಿಂದ ಉಪ್ಪು, ಮೆಣಸು, ಶುಂಠಿ, ಕೊಬ್ಬರಿ ಚೂರುಗಳನ್ನು ಬೆರೆಸುವುದು ಎಣ್ಣೆ ಕಾಯುವ ಹೊತ್ತಿಗೆ, ಅದೂ ಒಂದು ಬೋಗುಣಿಯಷ್ಟಕ್ಕೆ ಮಾತ್ರ. ಗ್ರೈಂಡರ್ ತಿರುಗುತ್ತಿರುವಾಗ ಸಹಾಯಕ ಈರುಳ್ಳಿ ಹೆಚ್ಚುತ್ತಾನೆ, ತರಕಾರಿ ಹೆಚ್ಚುತ್ತಾನೆ, ಸ್ಟೀಮರಿಗೆ ನೀರು ತುಂಬಿಸುತ್ತಾನೆ.

5 ಗಂಟೆಗೆ ಮೊದಲನೆಯ ಒಲೆಯಿಂದ ಬೇಳೆ ಇಳಿದು ಸಾಂಬಾರಿನ ಕೊಳಗ ಏರುತ್ತದೆ: ತರಕಾರಿ ಬೆಂದ ಮೇಲೆ ಹುಣಸೆರಸ, ಪುಡಿ, ಕಡೆದ ಬೇಳೆ, ಕೊನೆಗೆ ಒಗ್ಗರಣೆ. 5.35ಕ್ಕೆ ಅದು ಇಳಿದು ಸಣ್ಣ ಬರ್ನರಿನ ಮೇಲೆ ಮುಚ್ಚಿಕೊಂಡು ಬಿಸಿಯಾಗಿ ಕೂತಿರಬೇಕು. ಎರಡನೆಯ ಒಲೆಯಲ್ಲಿ 5.05ರಿಂದ ಆಲೂಗೆಡ್ಡೆ ಪಲ್ಯ. ಸಿಪ್ಪೆ ಬಿಸಿಯಿರುವಾಗಲೇ ಸುಲಭವಾಗಿ ಬಿಡುತ್ತದೆ. ಪಲ್ಯ 5.25ಕ್ಕೆ ಮುಗಿದರೆ ಅಲ್ಲಿಗೆ ಕೇಸರಿಬಾತ್ ಬರುತ್ತದೆ, ಮೊದಲನೆಯ ಒಲೆಗೆ 5.40ಕ್ಕೆ ಖಾರಾಬಾತ್. ಕೇಸರಿಬಾತ್ ಮುಂಚೆ, ಖಾರಾಬಾತ್ ಆಮೇಲೆ. ತುಪ್ಪ ಸಕ್ಕರೆಯ ಕೇಸರಿಬಾತ್ ಮುಕ್ಕಾಲು ಗಂಟೆ ಇದ್ದರೂ ಮೃದುವಾಗಿರುತ್ತದೆ, ಖಾರಾಬಾತ್ ಬೇಗ ಗಟ್ಟಿಯಾಗುತ್ತದೆ. 6 ಗಂಟೆಗೆ ಮೊದಲನೆಯ ಒಲೆ ಖಾಲಿಯಾಗಿ ವಡೆಯ ಬಾಣಲೆಗೆ ಸಿಗುತ್ತದೆ.

ಬೆಳಗಿನ ಕೆಲಸ ತಡವಾಗುತ್ತಿದೆಯೇ ಎಂದು ತಿಳಿಯಲು ನೋಡಬೇಕಾದ ಜಾಗ ಈ ಒಲೆಯೇ. 5.35ಕ್ಕೆ ಸಾಂಬಾರಿಗೆ ಒಗ್ಗರಣೆ ಬಿದ್ದಿಲ್ಲವೆಂದರೆ ಖಾರಾಬಾತ್ ಹದಿನೈದು ನಿಮಿಷ ತಡ, ಎಣ್ಣೆಯೂ ಅಷ್ಟೇ ತಡ, 6.30ಕ್ಕೆ ಬಂದವರಿಗೆ ವಡೆ ಇಲ್ಲ. ಆಗ ಉರಿ ಹೆಚ್ಚಿಸಿ ಎಲ್ಲವನ್ನೂ ಅವಸರಪಡಿಸುವ ಬದಲು ಖಾರಾಬಾತನ್ನು 7 ಗಂಟೆಗೆ ಮುಂದೂಡಿ ಎಣ್ಣೆಯನ್ನು ಹೊತ್ತಿಗೆ ಇಡುವುದು ಜಾಣತನ. ಇಡ್ಲಿಗೆ ವಡೆ ಜೊತೆ, ಮುಂಜಾನೆಯ ಗಿರಾಕಿ ಮೊದಲು ಕೇಳುವುದು ಅದನ್ನೇ.

ಗ್ಯಾಸಿನ ವಿಷಯವೂ ಇಲ್ಲೇ ಬರುತ್ತದೆ. 19 ಕೆಜಿಯ ವಾಣಿಜ್ಯ ಸಿಲಿಂಡರ್ ಖಾಲಿಯಾಗುವುದು ಎಲ್ಲ ಒಲೆಗಳೂ ಉರಿಯುವ 5.45ರ ಸುಮಾರಿಗೆ. ಖಾಲಿ ತೂಕ ಸಿಲಿಂಡರಿನ ಮೇಲೇ ಬರೆದಿರುತ್ತದೆ. ರಾತ್ರಿ ತೂಗಿ, ಮರುದಿನದ ಖರ್ಚಿಗೆ ಸಾಲದಿದ್ದರೆ ಆಗಲೇ ಬದಲಿಸಿ, ಉಳಿದ ಗ್ಯಾಸನ್ನು ಸಂಜೆಯ ಟೀಗೆ ಬಳಸಬೇಕು.

ಚಟ್ನಿ ಕೊನೆಗೆ

ತೆಂಗಿನಕಾಯಿ ಚಟ್ನಿಯನ್ನು ಮೊದಲೇ ರುಬ್ಬಿಟ್ಟರೆ ನೆಮ್ಮದಿ ಎಂದು ಹೊಸಬರಿಗೆ ಅನಿಸುತ್ತದೆ. ಆದರೆ ಇಡೀ ಅಡುಗೆಮನೆಯಲ್ಲಿ ಬೆಂಕಿ ಕಾಣದ ಪದಾರ್ಥ ಇದೊಂದೇ. ಹಸಿ ಕಾಯಿ, ನೀರು, ಹುರಿಗಡಲೆ ಸೇರಿದ ಮೇಲೆ ಅದು ಕೆಡಲು ಹೆಚ್ಚು ಹೊತ್ತು ಬೇಡ. ಸೆಕೆಯ ದಿನ ಮೂರು ಗಂಟೆಯಾದ ಮೇಲೆ ಚಟ್ನಿಯನ್ನು ನಂಬುವಂತಿಲ್ಲ. ಆದ್ದರಿಂದ ಚಟ್ನಿ ರುಬ್ಬುವುದು ಎಲ್ಲಕ್ಕಿಂತ ಕೊನೆಗೆ, 5.50ಕ್ಕೆ. ಅದಕ್ಕೆ ಬೇಕಾದ ಸಾಮಾನು ಮಾತ್ರ 5.30ರೊಳಗೆ ಸಜ್ಜಾಗಿರಬೇಕು.

ಕಾಯಿ ಒಡೆಯುವಾಗ ಒಂದು ಶಿಸ್ತು ಬೇಕು. ಪ್ರತಿ ಕಾಯಿಯನ್ನೂ ಬೇರೆ ಬಟ್ಟಲಿನ ಮೇಲೆ ಒಡೆದು, ನೀರು ಮೂಸಿ, ಹೋಳಿನ ಒಳಮೈ ಬೆರಳಿನಿಂದ ಒತ್ತಿ ನೋಡಿ, ಆಮೇಲೆ ರಾಶಿಗೆ ಸೇರಿಸಬೇಕು. ಜಿಡ್ಡಾದ ಅಥವಾ ಹಳದಿ ಕಲೆಯಿರುವ ಒಂದು ಹೋಳು ತುರಿಯಲ್ಲಿ ಬೆರೆತರೆ ಆಮೇಲೆ ಬೇರ್ಪಡಿಸಲಾಗದು. ನಾಲ್ಕು ಲೀಟರ್ ಚಟ್ನಿಯೂ ಮುಗ್ಗಲು ವಾಸನೆ ಹಿಡಿಯುತ್ತದೆ. ಚಟ್ನಿಗೆ ಹಾಕುವ ನೀರು ಹಿಂದಿನ ರಾತ್ರಿ ಕುದಿಸಿ ಆರಿಸಿ ಮುಚ್ಚಿಟ್ಟದ್ದಾಗಿರಬೇಕು. ನಲ್ಲಿ ನೀರಿನ ದೋಷ ಸಾಂಬಾರಿನ ಕುದಿಯಲ್ಲಿ ಹೋಗಬಹುದು, ಚಟ್ನಿಯಲ್ಲಿ ಹೋಗುವುದಿಲ್ಲ.

ಇಡೀ ಬೆಳಿಗ್ಗೆಗೆ ಹನ್ನೆರಡು ಲೀಟರ್ ಚಟ್ನಿ ಬೇಕೆಂದರೆ ಅದನ್ನು ಮೂರು ಸಲ ಮಾಡಬೇಕು: ಬಾಗಿಲು ತೆರೆಯುವ ಮುನ್ನ, 7.45ಕ್ಕೆ, 9 ಗಂಟೆಗೆ. ಒಂದು ಸಲಕ್ಕೆ ಐದು ಕಾಯಿ, ಅರ್ಧ ಕೆಜಿ ಹುರಿಗಡಲೆ, ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ, ಉಪ್ಪು, ತುಸು ಹುಣಸೆ. ಮೊದಲು ಹುರಿಗಡಲೆ ಮತ್ತು ಮೆಣಸಿನಕಾಯಿಯನ್ನು ಒಣದಾಗಿ ಒಂದು ಸುತ್ತು ತಿರುವಿ, ಆಮೇಲೆ ಕಾಯಿ ಮತ್ತು ತಣ್ಣೀರು ಹಾಕಬೇಕು. ಮಿಕ್ಸಿಯನ್ನು ಬಿಡದೆ ಓಡಿಸಿದರೆ ಕಾಯಿ ಬಿಸಿಯಾಗಿ ಎಣ್ಣೆ ಬಿಟ್ಟುಕೊಂಡು, ಚಟ್ನಿ ಬಾಯಲ್ಲಿ ಜಿಡ್ಡಾಗುತ್ತದೆ. ನಿಲ್ಲಿಸಿ ನಿಲ್ಲಿಸಿ ತಿರುವಬೇಕು. 6.05ಕ್ಕೆ ಎರಡನೆಯ ಒಲೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಸಿಡಿಸಿ, 6.10ಕ್ಕೆ ಭಟ್ಟರು ರುಚಿ ನೋಡುತ್ತಾರೆ.

ಹಳೆಯ ಚಟ್ನಿ ಪಾತ್ರೆಯ ತಳದಲ್ಲಿರುವಾಗಲೇ ಹೊಸದನ್ನು ಸುರಿಯುವುದು ಗಡಿಬಿಡಿಯಲ್ಲಿ ಎಲ್ಲರೂ ಮಾಡುವ ತಪ್ಪು. ತಳದಲ್ಲಿದ್ದುದು ಹುಳಿಯುತ್ತಿದ್ದರೆ ಹೊಸದೂ ಅದರ ಜೊತೆ ಹೋಗುತ್ತದೆ. ಎರಡು ಪಾತ್ರೆಗಳಿದ್ದರೆ ಈ ಸಮಸ್ಯೆಯೇ ಇಲ್ಲ. ಒಂದು ಖಾಲಿಯಾಗಿ ತೊಳೆಯಲು ಹೋದಾಗ ಇನ್ನೊಂದು ಬಡಿಸುವ ಕಟ್ಟೆಗೆ ಬರುತ್ತದೆ. ಅಂಚಿನಲ್ಲಿ ಸಣ್ಣ ನೊರೆಗುಳ್ಳೆ ಕಂಡರೆ, ಮೇಲೆ ನೀರು ಬೇರ್ಪಟ್ಟು ಹುಳಿವಾಸನೆ ಬಂದರೆ ಎಷ್ಟೇ ಇರಲಿ, ಚೆಲ್ಲಬೇಕು.

ಚಟ್ನಿಯ ವೇಳೆಗೆ ಕರೆಂಟು ಹೋಗುವುದೂ ಉಂಟು. ಹಿಟ್ಟು ಹಿಂದಿನ ದಿನವೇ ರುಬ್ಬಿರುವುದರಿಂದ ಅದಕ್ಕೆ ಭಯವಿಲ್ಲ, ವಡೆಗೂ 5 ಗಂಟೆಯೊಳಗೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಈರುಳ್ಳಿ, ಟೊಮೆಟೊ ಬಾಡಿಸಿ ರುಬ್ಬಿದ ಚಟ್ನಿ ಒಂದೆರಡು ಲೀಟರಿನಷ್ಟು ಹಿಂದಿನ ರಾತ್ರಿಯದು ಫ್ರಿಜ್ಜಿನಲ್ಲಿದ್ದರೆ, ಬೆಂದ ಪದಾರ್ಥವಾದ್ದರಿಂದ ಅದು ತಡೆಯುತ್ತದೆ. ಬಿಸಿ ಮಾಡಿ ಬಡಿಸುತ್ತಾ ಮೊದಲ ಒಂದು ಗಂಟೆ ದಾಟಬಹುದು.

ಕಾವಲಿ, ಸ್ಟೀಮರ್, ಡಿಕಾಕ್ಷನ್

ಸ್ಟೀಮರಿನ ಇಪ್ಪತ್ತು ಲೀಟರ್ ನೀರು ಕುದಿಯಲು ಅರ್ಧ ಗಂಟೆ ಬೇಕಾದ್ದರಿಂದ 5.10ಕ್ಕೇ ಉರಿ ಹಚ್ಚಬೇಕು. ನೀರು ಭರಭರನೆ ಕುದಿದು ಹಬೆ ತುಂಬಿದ ಮೇಲೆಯೇ ತಟ್ಟೆ ಒಳಗೆ ಹೋಗಬೇಕು. ಅರೆಬಿಸಿಯಲ್ಲಿಟ್ಟ ಇಡ್ಲಿ ಉಬ್ಬುವ ಮೊದಲೇ ಗಟ್ಟಿಯಾಗುತ್ತದೆ. 5.45ಕ್ಕೆ ಒಂದೇ ತಟ್ಟೆ, ಹನ್ನೆರಡು ಇಡ್ಲಿ ಇಡುವುದು ಪರೀಕ್ಷೆಗೆ. ಉಪ್ಪು, ಹುಳಿ, ಮೆದುತನ ಎಲ್ಲ ಇದರಲ್ಲೇ ತಿಳಿಯುತ್ತದೆ. ಇಡ್ಲಿ ಗಟ್ಟಿಯೆನಿಸಿದರೆ ಹಿಟ್ಟಿಗೆ ಸ್ವಲ್ಪ ನೀರು ಬೆರೆಸಲು, ಉಪ್ಪು ಸಾಲದಿದ್ದರೆ ಸೇರಿಸಲು ಇನ್ನೂ ಹೊತ್ತಿರುತ್ತದೆ. ಈ ಹನ್ನೆರಡು ಇಡ್ಲಿ ಸಿಬ್ಬಂದಿಯ ತಿಂಡಿಗೆ ಹೋಗುತ್ತವೆ. ಹಸಿದ ಹೊಟ್ಟೆಯಲ್ಲಿ ಹತ್ತು ಗಂಟೆಯವರೆಗೆ ಕೆಲಸ ಮಾಡಿಸುವುದು ಸರಿಯಲ್ಲ, ಬಾಗಿಲು ತೆರೆದ ಮೇಲೆ ತಿನ್ನಲು ಬಿಡುವೂ ಸಿಗುವುದಿಲ್ಲ. 6.05ಕ್ಕೆ ಪೂರ್ತಿ ಸ್ಟೀಮರ್, ಆರು ತಟ್ಟೆಗೆ 72 ಇಡ್ಲಿ. ಹನ್ನೆರಡು ನಿಮಿಷ ಬೇಯಿಸಿ, ಮೂರು ನಿಮಿಷ ಹಬೆ ಆರಲು ಬಿಟ್ಟು ತೆಗೆದರೆ ಬಟ್ಟೆಗೆ ಅಂಟದೆ ಏಳುತ್ತವೆ. ಇಡ್ಲಿ ಹಿಟ್ಟನ್ನು ಸೌಟಿನಿಂದ ಬದಿಯಿಂದ ಬದಿಗೆ ತೆಗೆಯಬೇಕು. ಕಲಕಿದರೆ ರಾತ್ರಿಯಿಡೀ ಸೇರಿದ ಗಾಳಿ ಹೋಗುತ್ತದೆ. ಮೂರು ಸಲ ಬೇಯಿಸಿದ ಮೇಲೆ ಸ್ಟೀಮರಿಗೆ ನೀರು ಬೇಕಾಗುತ್ತದೆ, ಅದು ಕುದಿನೀರೇ ಆಗಿರಬೇಕು.

ದೋಸೆ ಹಾಕುವವರು 5.30ಕ್ಕೆ ಬಂದು ಮೊದಲು ದೋಸೆ ಹಿಟ್ಟನ್ನು ಚೆನ್ನಾಗಿ ಕಲಕುತ್ತಾರೆ. ಇಲ್ಲಿ ಗಾಳಿ ಹೋದರೆ ನಷ್ಟವಿಲ್ಲ, ಹದವಾಗಿ ಹರಡುವುದು ಮುಖ್ಯ. ದಪ್ಪ ಕಬ್ಬಿಣದ ಕಾವಲಿ ಅಂಚಿನವರೆಗೂ ಸಮನಾಗಿ ಕಾಯಲು ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. 5.55ಕ್ಕೆ ಹಚ್ಚಿ, ಅರ್ಧ ಈರುಳ್ಳಿಯಿಂದ ಎಣ್ಣೆ ಸವರಿ, 6.20ಕ್ಕೆ ನೀರು ಚಿಮುಕಿಸಿದಾಗ ಹನಿಗಳು ಚುರ್ರೆಂದು ಓಡಿ ಆರಿದರೆ ಕಾದಿದೆ ಎಂದರ್ಥ. ಮೊದಲ ದೋಸೆ ಅಂಟಿಕೊಂಡರೆ ಅವಸರದಲ್ಲಿ ಕೆರೆಯದೆ, ಉರಿ ತಗ್ಗಿಸಿ, ಮತ್ತೆ ಎಣ್ಣೆ ಈರುಳ್ಳಿ ಉಜ್ಜಬೇಕು.

ಕಾಫಿಯವರೂ 5.30ಕ್ಕೇ ಬರಬೇಕು. ದೊಡ್ಡ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯಲು ಅರ್ಧ ಗಂಟೆ ಬೇಕು. ವಾಕಿಂಗ್ ಮುಗಿಸಿದವರು ಬಾಗಿಲು ತೆರೆಯುವ ಮುಂಚೆಯೇ ಕಟ್ಟೆಯ ಮುಂದೆ ನಿಂತಿರುತ್ತಾರೆ, ಅವರಿಗೆ ಬೇಕಾದದ್ದು ಕಾಫಿ ಮಾತ್ರ.

ಯಾರು, ಎಷ್ಟು ಹೊತ್ತಿಗೆ

ಐದೂ ಜನರನ್ನು 4.15ಕ್ಕೇ ಕರೆಸುವ ಮಾಲೀಕರಿದ್ದಾರೆ. ಅದರಿಂದ ಒಲೆ ಹೆಚ್ಚಾಗುವುದಿಲ್ಲ, ಗ್ರೈಂಡರ್ ಹೆಚ್ಚಾಗುವುದಿಲ್ಲ; ಮೂವರು ಸುಮ್ಮನೆ ನಿದ್ದೆಗಣ್ಣಿನಲ್ಲಿ ಓಡಾಡುತ್ತಾರೆ. ಮೊದಲ ಮುಕ್ಕಾಲು ಗಂಟೆಗೆ ಇಬ್ಬರು ಸಾಕು. ಕ್ಲೀನರ್ 5 ಗಂಟೆಗೆ ಬಂದು ಕಾಯಿ ಒಡೆದು ತುರಿಯುವುದರಲ್ಲಿ ಸೇರಿಕೊಳ್ಳುತ್ತಾರೆ, ಆಮೇಲೆ ನೆಲ, ಟೇಬಲ್, ಕೈತೊಳೆಯುವ ಜಾಗ. ಕಸ ಮುಟ್ಟಿದ ಕೈ ಮತ್ತೆ ಚಟ್ನಿ ಸಾಮಾನಿಗೆ ಹೋಗಬಾರದಾದ್ದರಿಂದ ಈ ಕ್ರಮ ತಿರುಗುಮುರುಗಾಗಬಾರದು. ಮಾಲೀಕರು 6 ಗಂಟೆಗೆ ಚಿಲ್ಲರೆಯೊಂದಿಗೆ ಬರಬೇಕು. ನೂರು, ಐನೂರರ ನೋಟು ಹಿಡಿದ ಮೊದಲ ಹತ್ತು ಗಿರಾಕಿಗಳನ್ನು ಬರಿಗೈಯಲ್ಲಿ ನಿಭಾಯಿಸಲಾಗದು.

4.15ಕ್ಕೆ ಬಾಗಿಲು ತೆಗೆಯುವವರು ಅಂಗಡಿಯ ಹತ್ತಿರ ಇರುವವರೇ ಆಗಿರಬೇಕು. ಆ ಹೊತ್ತಿನಲ್ಲಿ ಸಿಟಿ ಬಸ್ಸನ್ನು ನಂಬಿಕೊಂಡವರು ಸಮಯಕ್ಕೆ ಬರಲಾರರು, ಅದರಲ್ಲಿ ಅವರ ತಪ್ಪೂ ಇಲ್ಲ. ಬೀಗದ ಕೈ ಇಬ್ಬರ ಬಳಿ ಇರಬೇಕು. ಮೊದಲು ಬಂದವರು ಮಧ್ಯಾಹ್ನ 1 ಗಂಟೆಗೆ ಮೊದಲು ಹೊರಡುವಂತೆಯೂ, ಸಂಜೆ ರುಬ್ಬುವ ಕೆಲಸ ಬೇರೆಯವರ ಪಾಲಿಗೆ ಬರುವಂತೆಯೂ ಹಂಚದಿದ್ದರೆ ನಾಲ್ಕನೆಯ ದಿನವೇ 4.15 ಎಂಬುದು 4.45 ಆಗುತ್ತದೆ.

ರಜೆಯ ವಿಷಯ ಹಿಂದಿನ ರಾತ್ರಿ 9 ಗಂಟೆಯೊಳಗೆ ತಿಳಿಸಬೇಕೆಂಬ ಒಪ್ಪಂದವಿದ್ದರೆ ಬದಲಿ ವ್ಯವಸ್ಥೆಗೆ ಹೊತ್ತು ಸಿಗುತ್ತದೆ. ಆದರೂ ಬೆಳಿಗ್ಗೆ 5.30ಕ್ಕೆ ದೋಸೆಯವರು ಬಂದಿಲ್ಲ ಎಂದಿಟ್ಟುಕೊಂಡರೆ, ಕಾವಲಿಯನ್ನು 7.15ಕ್ಕೆ ಹಚ್ಚುವುದು ಎಂದು ಕೂಡಲೇ ತೀರ್ಮಾನಿಸಿ, ಬಾಗಿಲಿಗೆ "ದೋಸೆ 7.45ರಿಂದ" ಎಂಬ ಹಲಗೆ ಹಾಕಬೇಕು. ಇಡ್ಲಿ, ವಡೆ, ಕಾಫಿಯ ಮೇಲೆ ಮೊದಲ ಒಂದೂಕಾಲು ಗಂಟೆ ಸಾಗುತ್ತದೆ. ಭಟ್ಟರು ಆ ಹೊತ್ತಿಗೆ ವಡೆಯ ಬಾಣಲೆಯನ್ನು ಸಹಾಯಕನಿಗೆ ಬಿಟ್ಟು ಕಾವಲಿಗೆ ಬರಬಹುದು. ಹಾಗೆ ಬಿಡಬೇಕಾದರೆ ಸಹಾಯಕನಿಗೆ ವಡೆ ತಟ್ಟುವುದು ಮೊದಲೇ ಕಲಿಸಿರಬೇಕು. ಯಾವ ಕೆಲಸವೂ ಒಬ್ಬರಿಗೆ ಮಾತ್ರ ಗೊತ್ತಿರಬಾರದು.

ಕೆಲಸದವರಲ್ಲಿ ಈಗ ಕುಂದಾಪುರ, ಉಡುಪಿ ಕಡೆಯವರ ಜೊತೆ ಬೇರೆ ರಾಜ್ಯಗಳಿಂದ ಬಂದವರೂ ಇರುವುದರಿಂದ ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಮಾತಿಗಿಂತ ಗಡಿಯಾರದ ಚಿತ್ರ, ಪಾತ್ರೆಯ ಚಿತ್ರ ಇದ್ದರೆ ಅನುಕೂಲ. 4.20ಕ್ಕೆ ಹಿಟ್ಟು, 5.35ಕ್ಕೆ ಸಾಂಬಾರ್, 5.45ಕ್ಕೆ ಪರೀಕ್ಷೆಯ ಇಡ್ಲಿ, 6.10ಕ್ಕೆ ಚಟ್ನಿಯ ರುಚಿ, ಈ ನಾಲ್ಕನ್ನು ದೊಡ್ಡದಾಗಿ ಬರೆದರೆ ಸಾಕು. ನಡುವಿನದು ಕೈಗೆ ತಾನಾಗಿ ರೂಢಿಯಾಗುತ್ತದೆ.

10.30ಕ್ಕೆ ತಿಂಡಿ ಮುಗಿದಾಗ ಉಳಿದ ಹಿಟ್ಟನ್ನು ತೂಗಿ ಪುಸ್ತಕದಲ್ಲಿ ಬರೆಯಬೇಕು, ಯಾವುದು ಯಾವ ಹೊತ್ತಿಗೆ ಮುಗಿಯಿತು ಎಂಬುದನ್ನೂ. ಸೋಮವಾರಕ್ಕೂ ಭಾನುವಾರಕ್ಕೂ, ಮಳೆಯ ದಿನಕ್ಕೂ ಹಬ್ಬದ ಮರುದಿನಕ್ಕೂ ಇರುವ ವ್ಯತ್ಯಾಸ ಎರಡು ತಿಂಗಳ ಪುಟಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಉಳಿದ ಇಡ್ಲಿ ಹಿಟ್ಟು ಫ್ರಿಜ್ಜಿಗೆ ಹೋಗಿ ಸಂಜೆಯ ಪಡ್ಡಿಗೆ ಬಳಕೆಯಾಗಬೇಕು. ಎರಡು ಕೆಜಿಗಿಂತ ಹೆಚ್ಚು ಹಿಟ್ಟು ಮೂರು ದಿನ ಸತತ ಉಳಿದರೆ ಅಕ್ಕಿಯಲ್ಲಿ ಅರ್ಧ ಕೆಜಿ, ಉದ್ದಿನಲ್ಲಿ ಅದರ ಕಾಲುಭಾಗ ಇಳಿಸಬೇಕು, 9.30ಕ್ಕೆ ಮೊದಲೇ ಇಡ್ಲಿ ಮುಗಿಯುತ್ತಿದ್ದರೆ ಅಷ್ಟನ್ನೇ ಏರಿಸಬೇಕು.